ಈಕ್ವಿಟಿ ಸೂತ್ರಗಳು: ಒಂದು ಪುಟದ ಪಟ್ಟಿಯ ಚರಿತ್ರೆ

ಕಾನೂನು ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ರಾತ್ರಿ ತಿರುವಿ ಹಾಕುವ ಈಕ್ವಿಟಿ ಸೂತ್ರಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಹನ್ನೆರಡು ಸೂತ್ರಗಳಿರುತ್ತವೆ, ಪ್ರತಿಯೊಂದರ ಎದುರಿಗೆ ಒಂದು ಮೊಕದ್ದಮೆಯ ಹೆಸರು. ಈ ಹನ್ನೆರಡನ್ನು ಯಾವ ಶಾಸನವೂ ನಿಗದಿ ಮಾಡಿಲ್ಲ. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ರಿಚರ್ಡ್ ಫ್ರಾನ್ಸಿಸ್ ಇಂಗ್ಲೆಂಡಿನ ಚಾನ್ಸರಿ ತೀರ್ಪುಗಳನ್ನು ಹದಿನಾಲ್ಕು ಸೂತ್ರಗಳಡಿ ಜೋಡಿಸಿ ಪುಸ್ತಕ ಮಾಡಿದ. ಮುಂದೆ 1868ರಲ್ಲಿ ಎಡ್ಮಂಡ್ ಸ್ನೆಲ್‌ನ ಪಠ್ಯಪುಸ್ತಕ ಬಂತು. ಅಂಥ ಪಠ್ಯಪುಸ್ತಕಗಳ ಮೂಲಕವೇ ಪಟ್ಟಿ ತರಗತಿಗಳಲ್ಲಿ ಬೇರೂರಿತು.

‘ಈಕ್ವಿಟಿ ವ್ಯಕ್ತಿಯ ಮೇಲೆ ವರ್ತಿಸುತ್ತದೆ’ ಎಂಬ ಸೂತ್ರದ ಎದುರು ಸಾಮಾನ್ಯವಾಗಿ 1615ರ ಆಕ್ಸ್‌ಫರ್ಡ್ ಅರ್ಲ್ ಮೊಕದ್ದಮೆ ಬರುತ್ತದೆ. ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜು ಲಂಡನ್ನಿನ ತನ್ನ ಜಮೀನನ್ನು ಎಲಿಜಬೆತ್ ರಾಣಿಯ ಮೂಲಕ ಒಬ್ಬ ವರ್ತಕನಿಗೆ ಪರಭಾರೆ ಮಾಡಿತ್ತು. ಅದರ ಮೇಲೆ ಮನೆಗಳೆದ್ದ ಮೇಲೆ, ಕಾಲೇಜಿನ ಆಸ್ತಿ ಮಾರುವುದೇ ಕಾನೂನುಬಾಹಿರವೆಂಬ ವಾದ ಹೂಡಿ ಜಮೀನು ಹಿಂಪಡೆಯಲು ಹೊರಟಿತು. ಕಾಮನ್ ಲಾ ನ್ಯಾಯಾಲಯ ಅದನ್ನು ಒಪ್ಪಿತು. ಚಾನ್ಸಲರ್ ಎಲ್ಸ್‌ಮಿಯರ್ ಒಪ್ಪಲಿಲ್ಲ. ತೀರ್ಪನ್ನು ಮುಟ್ಟದೆ, ಅದರ ಲಾಭ ಪಡೆಯಹೊರಟ ವ್ಯಕ್ತಿಯ ಮೇಲೆ ಪ್ರತಿಬಂಧಕಾಜ್ಞೆ ಹೊರಡಿಸುವುದು ಚಾನ್ಸರಿಯ ದಾರಿ. 1616ರಲ್ಲಿ ಒಂದನೆಯ ಜೇಮ್ಸ್ ದೊರೆ ಚಾನ್ಸರಿಯ ಪಕ್ಷ ಹಿಡಿದ.

‘ಈಕ್ವಿಟಿ ಕೇಳಿ ಬರುವವನ ಕೈ ಶುದ್ಧವಾಗಿರಬೇಕು’ ಎಂಬ ಸೂತ್ರದ ಎದುರು ಬರೆಯಲು 1725ರ ಎವರೆಟ್–ವಿಲಿಯಮ್ಸ್ ಮೊಕದ್ದಮೆಯಷ್ಟು ರಸವತ್ತಾದದ್ದು ಇನ್ನೊಂದಿಲ್ಲ. ಇಬ್ಬರೂ ದಾರಿಗಳ್ಳರು. ಲಾಭ ಹಂಚಿಕೆಯಲ್ಲಿ ಮೋಸವಾಯಿತೆಂದು ಒಬ್ಬ ಇನ್ನೊಬ್ಬನ ಮೇಲೆ ಲೆಕ್ಕ ಕೇಳಿ ದಾವೆ ಹೂಡಿದ. ಅರ್ಜಿಯಲ್ಲಿ ದರೋಡೆಯ ಮಾತೇ ಇಲ್ಲ, ಪಾಲುದಾರರು ಹೌನ್ಸ್ಲೊ ಬಯಲಿನಂಥ ಕಡೆ ಮಹನೀಯರೊಡನೆ ‘ವ್ಯವಹಾರ’ ನಡೆಸಿದರೆಂದಷ್ಟೇ ಇತ್ತು! ನ್ಯಾಯಾಲಯ ದಾವೆಯನ್ನು ವಜಾ ಮಾಡಿ ವಕೀಲರಿಗೆ ದಂಡ ಹಾಕಿತು. ಕಕ್ಷಿದಾರರಿಬ್ಬರೂ ಮುಂದೆ ಗಲ್ಲಿಗೇರಿದರು.

ಆದರೆ ಈ ಕಥೆಯೊಂದನ್ನೇ ನೆನಪಿಟ್ಟವರು ಪ್ರಶ್ನೆಪತ್ರಿಕೆಯಲ್ಲಿ ಎಡವುತ್ತಾರೆ. ವಾದಿ ಕೆಟ್ಟವನೆಂದು ಕಂಡ ಕೂಡಲೇ ದಾವೆ ವಜಾ ಎಂದು ಬರೆದುಬಿಡುತ್ತಾರೆ. ಸೂತ್ರದ ಗಡಿ ಗೊತ್ತಾಗುವುದು 1787ರ ಡೆರಿಂಗ್–ವಿಂಚೆಲ್ಸಿ ಮೊಕದ್ದಮೆಯಲ್ಲಿ. ಸುಂಕ ವಸೂಲಿಗಾರನಾಗಿದ್ದ ಥಾಮಸ್ ಡೆರಿಂಗ್‌ಗೆ ಮೂವರು ಬೇರೆಬೇರೆ ಪತ್ರಗಳಲ್ಲಿ ಜಾಮೀನು ನಿಂತಿದ್ದರು. ಅವನು ಸರ್ಕಾರದ ಹಣ ಬಾಕಿ ಉಳಿಸಿಕೊಂಡ. ಅದನ್ನು ತೆರಬೇಕಾಗಿ ಬಂದ ಅಣ್ಣ ಸರ್ ಎಡ್ವರ್ಡ್, ಉಳಿದ ಜಾಮೀನುದಾರರೂ ತಮ್ಮ ಪಾಲು ಕೊಡಲೆಂದು ಕೇಳಿದ. ತಮ್ಮನ ಜೂಜಿಗೆ ಇವನೇ ಕುಮ್ಮಕ್ಕು ಕೊಟ್ಟವನು, ಇವನ ಕೈ ಶುದ್ಧವಿಲ್ಲ ಎಂದು ಎದುರಾಳಿಗಳು ವಾದಿಸಿದರು. ನ್ಯಾಯಾಧೀಶ ಐರ್ ಇದನ್ನು ತಳ್ಳಿಹಾಕಿದ: ಕೈಗಂಟಿದ ಕೊಳೆಗೂ ಕೇಳುತ್ತಿರುವ ಪರಿಹಾರಕ್ಕೂ ನೇರ, ಅನಿವಾರ್ಯ ಸಂಬಂಧವಿರಬೇಕು. ಇಲ್ಲಿ ಪಾಲು ಕೇಳುವ ಹಕ್ಕು ಮೂವರೂ ಒಂದೇ ಸಾಲಕ್ಕೆ ಹೊಣೆಯಾದದ್ದರಿಂದ ಬಂದದ್ದು, ಜೂಜು ಅದಕ್ಕೆ ಹೊರಗಿನ ಸಂಗತಿ. ‘ಸಮಾನತೆಯೇ ಈಕ್ವಿಟಿ’ ಎಂಬ ಇನ್ನೊಂದು ಸೂತ್ರಕ್ಕೂ ಇದೇ ಉದಾಹರಣೆ ಸಾಕು.

‘ತಡ ಮಾಡಿದವನಿಗೆ ಈಕ್ವಿಟಿ ನೆರವಾಗದು’ ಎಂಬುದಕ್ಕೆ 1950ರ ಲೀಫ್ ಮೊಕದ್ದಮೆ. ಕಾನ್‌ಸ್ಟೆಬಲ್‌ನದೆಂದು ಕೊಂಡ ಚಿತ್ರ ಅವನದಲ್ಲವೆಂದು ತಿಳಿದದ್ದು ಐದು ವರ್ಷದ ನಂತರ. ಅಷ್ಟು ಹೊತ್ತಿಗೆ ಖರೀದಿ ರದ್ದು ಮಾಡುವ ಕಾಲ ಮೀರಿತ್ತು.

ಪಟ್ಟಿಯಲ್ಲಿ ಭಾರತದ ಓದುಗರು ಹೆಚ್ಚು ಎಚ್ಚರ ವಹಿಸಬೇಕಾದ ಸೂತ್ರ ‘ಆಗಬೇಕಾದದ್ದನ್ನು ಈಕ್ವಿಟಿ ಆಗಿದೆಯೆಂದೇ ಎಣಿಸುತ್ತದೆ’ ಎಂಬುದು. 1882ರ ವಾಲ್ಶ್–ಲಾನ್ಸ್‌ಡೇಲ್ ಮೊಕದ್ದಮೆಯಲ್ಲಿ ನೇಯ್ಗೆ ಗಿರಣಿಯೊಂದನ್ನು ಏಳು ವರ್ಷ ಗುತ್ತಿಗೆಗೆ ಕೊಡುವ ಕರಾರಾಗಿತ್ತು. ಮಾಲೀಕ ಕೇಳಿದರೆ ಒಂದು ವರ್ಷದ ಬಾಡಿಗೆಯನ್ನು ಮುಂಗಡವಾಗಿ ಕೊಡಬೇಕಿತ್ತು. ವಿಧಿವತ್ತಾದ ಗುತ್ತಿಗೆ ಪತ್ರ ಮಾತ್ರ ಆಗಲೇ ಇಲ್ಲ. ಮುಂಗಡ ಬಾರದಾಗ ಮಾಲೀಕ ಸರಕು ಜಪ್ತಿ ಮಾಡಿದ. ಪತ್ರವೇ ಇಲ್ಲದ ಮೇಲೆ ತಾನು ವರ್ಷದಿಂದ ವರ್ಷಕ್ಕೆ ಇರುವ ಬಾಡಿಗೆದಾರ, ಮುಂಗಡದ ಷರತ್ತು ತನಗೆ ತಗಲದು ಎಂದ ಬಾಡಿಗೆದಾರ. ಜೆಸೆಲ್ ನೇತೃತ್ವದ ಪೀಠ ಹೀಗೆ ಯೋಚಿಸಿತು: ಈ ಕರಾರನ್ನು ಪಾಲಿಸುವಂತೆ ನ್ಯಾಯಾಲಯ ಹೇಗೂ ಆಜ್ಞೆ ಮಾಡಬಹುದು, ಆದ್ದರಿಂದ ಪತ್ರ ಆಗಿದ್ದರೆ ಎಂಥ ಹಕ್ಕು ಹೊಣೆಗಳಿರುತ್ತಿದ್ದವೋ ಈಗಲೂ ಅವೇ. ಬಾಡಿಗೆದಾರ ಸೋತ.

ಇದನ್ನು ಬೆಂಗಳೂರಿನ ನಿವೇಶನಕ್ಕೆ ಹಾಗೆಯೇ ಅನ್ವಯಿಸುವಂತಿಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೆಯ ಕಲಮಿನ ಪ್ರಕಾರ ಕ್ರಯದ ಕರಾರು ತನ್ನಷ್ಟಕ್ಕೆ ಆಸ್ತಿಯಲ್ಲಿ ಯಾವ ಹಿತವನ್ನೂ ಹುಟ್ಟಿಸದು. 1929ರಲ್ಲಿ ಸೇರಿದ 53ಎ ಕಲಮು, ಲಿಖಿತ ಕರಾರಿನಂತೆ ಸ್ವಾಧೀನ ಪಡೆದು ತನ್ನ ಪಾಲಿನ ಷರತ್ತುಗಳನ್ನು ನಡೆಸಿದ, ನಡೆಸಲು ಸಿದ್ಧನಿರುವ ಖರೀದಿದಾರನನ್ನು ಮಾರಿದವನು ಹೊರಹಾಕದಂತೆ ಕಾಯುತ್ತದೆ, ಮಾಲೀಕತ್ವ ಕೊಡುವುದಿಲ್ಲ. 2001ರ ತಿದ್ದುಪಡಿಯ ನಂತರದ ಕರಾರುಗಳು ನೋಂದಣಿಯಾಗಿರದಿದ್ದರೆ ಆ ರಕ್ಷಣೆಯೂ ಸಿಗದು. ಜಿಪಿಎ ಮತ್ತು ಕರಾರಿನ ಮೇಲೆ ನಡೆಯುವ ಮಾರಾಟದಿಂದ ಮಾಲೀಕತ್ವ ವರ್ಗಾವಣೆಯಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಹೇಳಿತು. ಅಂಥ ಖರೀದಿದಾರ ಅವಧಿಯೊಳಗೆ ಕರಾರು ಪಾಲನೆಯ ದಾವೆ ಹೂಡಿ ಕ್ರಯಪತ್ರ ಬರೆಸಿಕೊಳ್ಳಬೇಕಾಗುತ್ತದೆ.