ಗೋಥಿಕ್ ಭಾಷೆಯಲ್ಲಿ ಕರ್ತನ ಪ್ರಾರ್ಥನೆ: ಒಂದು ವಚನದ ವಾಕ್ಯರಚನೆ

ನಾಲ್ಕನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲನು ಗ್ರೀಕ್ ವೇದಪಾಠವನ್ನು ತನ್ನ ಜನರಾದ ಗೋಥರ ಭಾಷೆಗೆ ತಂದನೆಂದು ಸಭೆಯ ಪ್ರಾಚೀನ ಇತಿಹಾಸಕಾರರು ಬರೆದಿದ್ದಾರೆ. ಆ ಭಾಷಾಂತರದ ಸುವಾರ್ತೆಗಳು ನಮಗೆ ಮುಖ್ಯವಾಗಿ ಉಳಿದಿರುವುದು 'ಕೋಡೆಕ್ಸ್ ಅರ್ಜೆಂಟಿಯಸ್' ಎಂಬ ಹಸ್ತಪ್ರತಿಯಲ್ಲಿ. ಆರನೆಯ ಶತಮಾನದ ಆರಂಭದಲ್ಲಿ ಕೆನ್ನೀಲಿ ಚರ್ಮಪತ್ರದ ಮೇಲೆ ಬೆಳ್ಳಿ ಮತ್ತು ಬಂಗಾರದ ಮಸಿಯಿಂದ ಬರೆದ ಈ ಪ್ರತಿಯ ಬಹುಭಾಗವು ಇಂದು ಸ್ವೀಡನ್ನಿನ ಉಪ್ಸಾಲದಲ್ಲಿದೆ. ಅದರಲ್ಲಿರುವ ಮತ್ತಾಯ 6:9ರ ಪ್ರಾರ್ಥನಾವಾಕ್ಯವನ್ನು ಗ್ರೀಕಿನ ಪಕ್ಕದಲ್ಲಿಟ್ಟು ನೋಡಿದರೆ, ಭಾಷಾಂತರಕಾರನು ಏನನ್ನು ಉಳಿಸಿದನು, ಏನನ್ನು ಬಿಟ್ಟನು, ಏನನ್ನು ಬದಲಾಯಿಸಿದನು ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಉಳಿದದ್ದನ್ನು ನೋಡೋಣ. ಗ್ರೀಕಿನ ಪದಕ್ರಮವನ್ನು ಗೋಥಿಕ್ ಹಾಗೆಯೇ ಹಿಂಬಾಲಿಸುತ್ತದೆ. ಗ್ರೀಕಿನಲ್ಲಿ 'ತಂದೆ' ಎಂಬುದರ ನಂತರ 'ನಮ್ಮ' ಬರುವಂತೆ ಇಲ್ಲಿಯೂ 'ಅತ್ತ' ಎಂಬುದರ ನಂತರ 'ಉನ್ಸರ್' ಬರುತ್ತದೆ. ಕ್ರಿಯಾಪದವು ನಾಮಪದಕ್ಕಿಂತ ಮುಂದೆ ನಿಲ್ಲುತ್ತದೆ. 'ನಿನ್ನ' ಎಂಬುದು ವಾಕ್ಯದ ಕೊನೆಗೆ ಉಳಿಯುತ್ತದೆ. ಗ್ರೀಕಿನ 'ಉರನೊಯ್ಸ್' ಬಹುವಚನವಾಗಿರುವುದರಿಂದ ಗೋಥಿಕಿನ 'ಹಿಮಿನಮ್' ಕೂಡ ಬಹುವಚನವೇ. ಆದುದರಿಂದ ಈ ವಚನವನ್ನು ಮಾತ್ರ ತೋರಿಸಿ, ಗೋಥರು ಮಾತಿನಲ್ಲಿಯೂ 'ನಮ್ಮ' ಎಂಬುದನ್ನು ನಾಮಪದದ ಹಿಂದೆ ಇಡುತ್ತಿದ್ದರೆಂದು ವಾದಿಸಲಾಗದು. ಮೂಲವನ್ನು ಅನುಸರಿಸಿದ ಕಡೆ ನಮಗೆ ಕಾಣುವುದು ಗ್ರೀಕಿನ ನೆರಳು. ಮೂಲವನ್ನು ಬಿಟ್ಟು ಸರಿದ ಕಡೆಯಲ್ಲಿಯೇ ಗೋಥಿಕಿನ ಸ್ವಂತ ವ್ಯಾಕರಣವು ಮಾತಾಡುತ್ತದೆ.

ಗ್ರೀಕಿನ ಹತ್ತು ಪದಗಳು ಗೋಥಿಕಿನಲ್ಲಿ ಎಂಟಾಗಿವೆ. ಬಿಟ್ಟುಹೋದ ಎರಡೂ ಆರ್ಟಿಕಲ್‌ಗಳು: 'ಪರಲೋಕ' ಮತ್ತು 'ನಾಮ' ಎಂಬ ಪದಗಳ ಹಿಂದಿನವು. ಗೋಥಿಕಿನಲ್ಲಿ 'ಆ' ಎಂದು ಬೆರಳು ತೋರಿಸುವ ಸರ್ವನಾಮವುಂಟು. ಆದರೆ ಗ್ರೀಕಿನಷ್ಟು ಧಾರಾಳವಾಗಿ ಅದನ್ನು ಬಳಸುವ ಅಗತ್ಯವಿಲ್ಲ.

ಮೂರನೆಯ ಆರ್ಟಿಕಲ್‌ನ ಗತಿ ಬೇರೆ. 'ಪರಲೋಕದಲ್ಲಿರುವಾತನು' ಎಂಬ ಅರ್ಥಕ್ಕೆ ಗ್ರೀಕಿನಲ್ಲಿರುವ 'ಹೊ' ಎಂಬುದರ ಸ್ಥಾನದಲ್ಲಿ ಗೋಥಿಕ್ 'ಥು', ಅಂದರೆ 'ನೀನು', ಎಂಬ ಪದವನ್ನು ಇಟ್ಟಿದೆ. ಇದು ಆಕಸ್ಮಿಕವಲ್ಲ. ಮಾರ್ಕ 11:25ರಲ್ಲಿ ಅದೇ ಗ್ರೀಕ್ ರಚನೆ ಬರುವಾಗ ಗೋಥಿಕ್ 'ಸ', ಅಂದರೆ 'ಆತನು', ಎಂದು ಬರೆಯುತ್ತದೆ. ಅಲ್ಲಿ ಯೇಸು ತಂದೆಯ ವಿಷಯವಾಗಿ ಮಾತಾಡುತ್ತಾನೆ. ಇಲ್ಲಿ ಶಿಷ್ಯರು ತಂದೆಯೊಂದಿಗೇ ಮಾತಾಡುತ್ತಾರೆ. ಗ್ರೀಕಿನಲ್ಲಿ 'ಪಾತೆರ್' ಎಂಬ ರೂಪವೇ ಸಂಬೋಧನೆಯನ್ನು ತಿಳಿಸುತ್ತದೆ. ಗೋಥಿಕಿನ 'ಅತ್ತ' ಎಂಬುದಕ್ಕೆ ಪ್ರಥಮಾ ಮತ್ತು ಸಂಬೋಧನೆ ಎರಡಕ್ಕೂ ಒಂದೇ ರೂಪ. ರೂಪದಲ್ಲಿ ಕಳೆದುಹೋದದ್ದನ್ನು 'ನೀನು' ಎಂಬ ಪದವು ವಾಕ್ಯಕ್ಕೆ ಮರಳಿ ತರುತ್ತದೆ.

ಅತಿ ದೊಡ್ಡ ಬದಲಾವಣೆ ಇರುವುದು ಕ್ರಿಯಾಪದದಲ್ಲಿ. ಗ್ರೀಕಿನ 'ಹಗಿಯಾಸ್ಥೇತೊ' ಪ್ರಥಮಪುರುಷದ ಆಜ್ಞಾರೂಪ, ಕರ್ಮಣಿಪ್ರಯೋಗ, ಅಓರಿಸ್ಟ್ ಎಂಬ ವರ್ಗಕ್ಕೆ ಸೇರಿದ್ದು. ಗೋಥಿಕಿನಲ್ಲಿ ಅಓರಿಸ್ಟ್ ಇಲ್ಲ; ಆ ಛಾಯೆ ಬಿಟ್ಟುಹೋಯಿತು. ಪ್ರಥಮಪುರುಷದ ಆಜ್ಞಾರೂಪವು ಗೋಥಿಕಿನಲ್ಲಿದ್ದರೂ ಬಹು ವಿರಳ. ಮಾರ್ಕ 15:32ರಲ್ಲಿ ಕ್ರಿಸ್ತನು ಶಿಲುಬೆಯಿಂದ ಇಳಿಯಲಿ ಎಂದು ಹಾಸ್ಯಮಾಡುವವರ ಬಾಯಲ್ಲಿ ಅದು ಕಾಣುತ್ತದೆ. ಪ್ರಾರ್ಥನೆಯಲ್ಲಿಯಾದರೋ ಹಾರೈಕೆಯ ರೂಪವಾದ 'ವೀಹ್ನೈ' ಬಂದಿದೆ. ಮುಂದಿನ ವಚನದ ಎರಡು ಬಿನ್ನಹಗಳೂ ಇದೇ ರೂಪದಲ್ಲಿವೆ. ಇದಲ್ಲದೆ 'ವೀಹ್ನನ್' ಎಂಬ ಧಾತುವು ಕರ್ಮಣಿಯಲ್ಲ. 'ಪರಿಶುದ್ಧವಾಗು' ಎಂಬ ಅಕರ್ಮಕ.

ಕನ್ನಡ ಬಲ್ಲವರಿಗೆ ಈ ಭೇದವು ತಟ್ಟನೆ ತಿಳಿಯುತ್ತದೆ. '-ಪಡಲಿ' ಎಂದರೆ ಮಾಡುವವನೊಬ್ಬನು ಹಿಂದೆ ಇದ್ದಾನೆಂಬ ಸೂಚನೆ. '-ಆಗಲಿ' ಎಂದರೆ ಆ ಸೂಚನೆಯಿಲ್ಲ. ನಾಮವನ್ನು ಪರಿಶುದ್ಧಪಡಿಸುವವರು ಯಾರು, ದೇವರೋ ಮನುಷ್ಯರೋ ಎಂದು ಗ್ರೀಕ್ ಪಾಠದ ವ್ಯಾಖ್ಯಾನಕಾರರು ಕೇಳುವ ಪ್ರಶ್ನೆಗೆ ಗೋಥಿಕ್ ವಾಕ್ಯದಲ್ಲಿ ವ್ಯಾಕರಣದ ಆಧಾರವೇ ಸಿಗುವುದಿಲ್ಲ.

ಹಾಗೆಂದು ಇದರ ಮೇಲೆ ಸಿದ್ಧಾಂತವನ್ನು ಕಟ್ಟುವುದು ಸಲ್ಲದು. ಗೋಥಿಕಿನ ಈ ಧಾತುವರ್ಗವು ಬೇರೆಡೆಯೂ ಗ್ರೀಕ್ ಕರ್ಮಣಿಗೆ ಬದಲಾಗಿ ನಿಲ್ಲುತ್ತದೆ. ಮತ್ತಾಯ 8:17ರಲ್ಲಿ ಪ್ರವಾದಿಯ ಮಾತು 'ನೆರವೇರುವಂತೆ' ಎಂಬಲ್ಲಿಯೂ ಅದೇ ವರ್ಗದ ಕ್ರಿಯಾಪದವಿದೆ. ಅದು ಭಾಷೆಯ ವಾಡಿಕೆಯೇ ಹೊರತು ಈ ವಚನಕ್ಕಾಗಿ ಆರಿಸಿದ ವಿಶೇಷಾರ್ಥವೆಂದು ಹೇಳಲು ಸಾಕ್ಷಿಯಿಲ್ಲ. 'ಥು' ಎಂಬುದರ ಸಂಗತಿ ಹಾಗಲ್ಲ: ಒಂದೇ ಗ್ರೀಕ್ ರಚನೆಗೆ ಸಂದರ್ಭಾನುಸಾರ ಎರಡು ರೂಪಗಳು ಬಂದಿರುವುದರಿಂದ, ಅಲ್ಲಿ ಭಾಷಾಂತರಕಾರನು ಯೋಚಿಸಿ ಆರಿಸಿದ್ದಾನೆಂದು ಧೈರ್ಯವಾಗಿ ಹೇಳಬಹುದು. ಪದಕ್ಕೆ ಪದವಿಟ್ಟಂತೆ ತೋರುವ ಈ ಪಾಠದಲ್ಲಿ, ಪ್ರಾರ್ಥಿಸುವವನು ಯಾರ ಮುಂದೆ ನಿಂತಿದ್ದಾನೆಂಬುದನ್ನು ಅವನು ಮರೆತಿರಲಿಲ್ಲ.