ಗೇಣಾಳದ ಮಧ್ಯಾಹ್ನ

ಜಗಳೂರು ತಾಲ್ಲೂಕಿನ ಸೊಕ್ಕೆಯ ಕಡೆ ಏಪ್ರಿಲ್ ತಿಂಗಳಲ್ಲಿ ಉತ್ತಿಟ್ಟ ಮಸಾರಿ ಹೊಲದಲ್ಲಿ ನಡುಮಧ್ಯಾಹ್ನ ಬರಿಗಾಲಿಡಲು ಆಗುವುದಿಲ್ಲ. ಅದೇ ಹೊಲವನ್ನು ಆಗಲೇ ಒಂದು ಗೇಣು ಅಗೆದು ಕೈಯಿಟ್ಟರೆ ಒಳಗಿನ ಮಣ್ಣು ಎಷ್ಟೋ ತಂಪಾಗಿರುತ್ತದೆ. ರಾತ್ರಿ ಊಟ ಮುಗಿಸಿ ಹೋಗಿ ಪಕ್ಕದಲ್ಲೇ ಇನ್ನೊಂದು ಗುಂಡಿ ತೆಗೆದರೆ ಎಲ್ಲ ತಿರುಗುಮುರುಗು: ಮೇಲಿನ ಮಣ್ಣು ಆರಿರುತ್ತದೆ, ಗೇಣಾಳದ ಮಣ್ಣು ಬೆಚ್ಚಗಿರುತ್ತದೆ. ಮಧ್ಯಾಹ್ನದ ಬಿಸಿಲು ಅಷ್ಟು ಆಳಕ್ಕೆ ಇಳಿಯಲು ಸಂಜೆ ದಾಟಬೇಕು. ಎಷ್ಟು ಹೊತ್ತು ಬೇಕು, ಇಳಿಯುವಾಗ ಎಷ್ಟು ಸೊರಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಬಂದದ್ದೇ ಮಣ್ಣಿನ ತಾಪದ ಅಲೆಯ ಅಧ್ಯಯನ.

ಉತ್ತರದ ತಳಹದಿ ಹಾಕಿದವನು ಫ್ರಾನ್ಸಿನ ಜೋಸೆಫ್ ಫೂರಿಯೆ. 1822ರಲ್ಲಿ ಹೊರಬಂದ ಅವನ ಶಾಖದ ಗ್ರಂಥ ತೋರಿಸಿದ್ದು ಇಷ್ಟು: ನೆಲದ ಮೇಲ್ಮೈ ಒಂದು ಲಯದಲ್ಲಿ ಬಿಸಿಯಾಗಿ ತಣ್ಣಗಾಗುತ್ತಿದ್ದರೆ ಒಳಗಿನ ಪ್ರತಿ ಪದರವೂ ಅದೇ ಲಯದಲ್ಲಿ ಏರಿಳಿಯುತ್ತದೆ, ಆದರೆ ಕೆಳಗೆ ಹೋದಂತೆ ಏರಿಳಿತ ಕುಗ್ಗುತ್ತದೆ ಮತ್ತು ತಡವಾಗುತ್ತದೆ. ಸರಾಸರಿಯಿಂದ ಗರಿಷ್ಠದವರೆಗಿನ ಅಂತರವನ್ನು ಪಾರ ಎನ್ನೋಣ. z ಆಳದಲ್ಲಿ ಪಾರ ಮತ್ತು ತಡ ಹೀಗಿರುತ್ತವೆ:

A(z) = A₀ e^(−z/d)
t(z) = z / (ωd)
d = √(2κ/ω)

ಇಲ್ಲಿ ω ಎಂದರೆ ಲಯದ ವೇಗ. ದಿನದ ಅಲೆಗೆ 2π ಭಾಗಿಸು 24 ಗಂಟೆ. κ ಎಂಬುದು ಮಣ್ಣಿನಲ್ಲಿ ಶಾಖ ಎಷ್ಟು ಬೇಗ ಹರಡುತ್ತದೆ ಎನ್ನುವ ಗುಣ. d ತೂರಿಕೆಯ ಆಳ: ಪಾರವು ಮೇಲ್ಮೈಯಲ್ಲಿದ್ದುದರ ಶೇ. 37ಕ್ಕೆ ಇಳಿಯುವ ಜಾಗ. ಕುಗ್ಗುವುದಕ್ಕೂ ತಡವಾಗುವುದಕ್ಕೂ ಇದೊಂದೇ d ಸಾಕು, ಪ್ರತಿ d ಆಳಕ್ಕೆ ಸುಮಾರು 3.8 ಗಂಟೆ ತಡ. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದ ಮಾತು ಇದೇ, ಏಕೆಂದರೆ ಇದರಿಂದ d ಅನ್ನು ಎರಡು ದಾರಿಯಲ್ಲಿ ಅಳೆದು ಒಂದರಿಂದ ಇನ್ನೊಂದನ್ನು ಪರೀಕ್ಷಿಸಬಹುದು.

ಆ ಪರೀಕ್ಷೆ ಮೊದಲು ಚೆನ್ನಾಗಿ ನಡೆದದ್ದು ವರ್ಷದ ಅಲೆಯ ಮೇಲೆ. ಜೇಮ್ಸ್ ಫೋರ್ಬ್ಸ್ 1837ರಲ್ಲಿ ಎಡಿನ್‌ಬರೊದ ಮೂರು ಜಾಗಗಳಲ್ಲಿ, ಬಂಡೆಯಲ್ಲಿ, ಮರಳಿನಲ್ಲಿ, ಮರಳುಗಲ್ಲಿನಲ್ಲಿ, 24 ಫ್ರೆಂಚ್ ಅಡಿಯವರೆಗೆ ಉದ್ದನೆಯ ಥರ್ಮಾಮೀಟರುಗಳನ್ನು ಹೂಳಿಸಿದ. 1860ರಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದಿನ ಲಾರ್ಡ್ ಕೆಲ್ವಿನ್, ಆ ವರ್ಷಗಟ್ಟಲೆ ಅಂಕಿಗಳನ್ನು ಫೂರಿಯೆಯ ರೀತಿಯಲ್ಲಿ ಬಿಡಿಸಿ, ಪಾರ ಕುಗ್ಗಿದ್ದರಿಂದ ಒಂದು ಸಲ, ತಡವಾದದ್ದರಿಂದ ಇನ್ನೊಂದು ಸಲ ಲೆಕ್ಕ ಹಾಕಿದ. ವರ್ಷದ ಅಲೆಯ d ದಿನದ್ದಕ್ಕಿಂತ ಸುಮಾರು 19 ಪಟ್ಟು ದೊಡ್ಡದು, ಅಂದರೆ 365ರ ವರ್ಗಮೂಲದಷ್ಟು. ಅದಕ್ಕೇ ಅವರು ಅಷ್ಟು ಆಳಕ್ಕೆ ಹೋಗಬೇಕಾಯಿತು, ನಮಗೆ ಗೇಣು ಸಾಕು.

ಭಾರತದಲ್ಲಿ ಈ ಕೆಲಸ ಹೊಲಕ್ಕೆ ಇಳಿದದ್ದು 1932ರಲ್ಲಿ ಪುಣೆಯಲ್ಲಿ ಕೃಷಿ ಹವಾಮಾನ ವಿಭಾಗ ಶುರುವಾದ ಮೇಲೆ. ಅದನ್ನು ಕಟ್ಟಿದವರು ಎಲ್. ಎ. ರಾಮದಾಸ್. ಅಲ್ಲಿನ ಎರೆ ಮಣ್ಣಿನ ತಾಪವನ್ನು ಅವರೂ ಜೊತೆಗಾರರೂ ಅಳೆದರು. ಮೇಲೆ ತೆಳುವಾಗಿ ಬಿಳಿ ಪುಡಿ ಹರಡಿದರೆ ಒಳಗಿನ ಮಣ್ಣೂ ತಂಪಾಗುವುದನ್ನು ಕಂಡರು. ಗಾಳಿಯಿಲ್ಲದ ತಿಳಿರಾತ್ರಿಯಲ್ಲಿ ಅತಿ ತಂಪಾದ ಗಾಳಿ ನೆಲಕ್ಕೆ ತಾಗಿರದೆ ಸ್ವಲ್ಪ ಮೇಲಿರುತ್ತದೆ ಎಂದು ಗುರುತಿಸಿದವರೂ ಅವರೇ. ಅದಕ್ಕೆ ವಿವರಣೆ 1993ರಲ್ಲಿ ಬಂದದ್ದು ಬೆಂಗಳೂರಿನಿಂದ, ರೊದ್ದಂ ನರಸಿಂಹ ಮತ್ತು ಸಹೋದ್ಯೋಗಿಗಳಿಂದ. ರಾತ್ರಿ ನೆಲ ಎಷ್ಟು ಬೇಗ ಆರುತ್ತದೆ ಎಂಬುದು ಆ ಸಿದ್ಧಾಂತಕ್ಕೂ ಬೇಕು, ಅದನ್ನು ತೀರ್ಮಾನಿಸುವುದು ಮಣ್ಣಿನ ಉಷ್ಣ ಗುಣ.

ಇನ್ನು ಸೊಕ್ಕೆಯ ಹೊಲಕ್ಕೆ ಬರೋಣ. ನಾನು ಹೇಳುವುದು ಅಳತೆಯಲ್ಲ, ಒಣ ಮಸಾರಿ ಮಣ್ಣಿಗೆ ಒಪ್ಪುವ ಮೌಲ್ಯಗಳಿಂದ ಹಾಕಿದ ಲೆಕ್ಕ. κ ಸೆಕೆಂಡಿಗೆ 0.3 ಚದರ ಮಿಲಿಮೀಟರ್ ಇದ್ದರೆ d ಸುಮಾರು 9 ಸೆಂ.ಮೀ. ಮೇಲ್ಮೈಯ ಸರಾಸರಿ 40 ಡಿಗ್ರಿ, ಪಾರ 18 ಡಿಗ್ರಿ, ಗರಿಷ್ಠ ಮಧ್ಯಾಹ್ನ 1 ಗಂಟೆಗೆ ಎಂದಿಟ್ಟುಕೊಳ್ಳಿ. 5 ಸೆಂ.ಮೀ.ನಲ್ಲಿ ಪಾರ 10.3 ಡಿಗ್ರಿ, ತಡ 2 ಗಂಟೆ ಚಿಲ್ಲರೆ. ಗರಿಷ್ಠ ಮಧ್ಯಾಹ್ನ 3ರ ಹೊತ್ತಿಗೆ. 20 ಸೆಂ.ಮೀ.ನಲ್ಲಿ, ಅಂದರೆ ಹೆಚ್ಚುಕಡಿಮೆ ಗೇಣಾಳದಲ್ಲಿ, ಪಾರ ಬರೀ 2 ಡಿಗ್ರಿ, ತಡ ಎಂಟೂವರೆ ಗಂಟೆ. ಅಲ್ಲಿನ ‘ಮಧ್ಯಾಹ್ನ’ ರಾತ್ರಿ ಒಂಬತ್ತೂವರೆಗೆ! ಬೆಳಿಗ್ಗೆ ಒಂಬತ್ತೂವರೆಗೆ, ಮೇಲೆ ಬಿಸಿಲು ಏರಿದಾಗ, ಅಲ್ಲಿ ದಿನದ ಅತಿ ತಂಪು ಹೊತ್ತು.

ಈಗ ಎಡವಟ್ಟಾಗುವ ಜಾಗ ನೋಡಿ. ನಮ್ಮ ಕೃಷಿ ಹವಾಮಾನ ಕೇಂದ್ರಗಳಲ್ಲಿ 5, 10, 20 ಸೆಂ.ಮೀ. ಆಳದ ತಾಪವನ್ನು ಬೆಳಿಗ್ಗೆ 7ಕ್ಕೆ ಮತ್ತು ಮಧ್ಯಾಹ್ನ 2ಕ್ಕೆ ಬರೆದುಕೊಳ್ಳುವುದು ರೂಢಿ. ಈ ಎರಡು ಓದುಗಳ ವ್ಯತ್ಯಾಸವನ್ನೇ ದಿನದ ಏರಿಳಿತವೆಂದು ಹಿಡಿದರೆ ಏನಾಗುತ್ತದೆ? ನಮ್ಮ ಲೆಕ್ಕದ ಹೊಲದಲ್ಲಿ 5 ಸೆಂ.ಮೀ.ನಲ್ಲಿ 7 ಗಂಟೆಗೆ 34.6, 2 ಗಂಟೆಗೆ 49.9, ವ್ಯತ್ಯಾಸ 15.3 ಡಿಗ್ರಿ. 20 ಸೆಂ.ಮೀ.ನಲ್ಲಿ 38.5 ಮತ್ತು 39.3, ವ್ಯತ್ಯಾಸ 0.8 ಮಾತ್ರ, ನಿಜವಾದ ಏರಿಳಿತ 4 ಡಿಗ್ರಿಯ ಹತ್ತಿರವಿದ್ದರೂ. ಮಧ್ಯಾಹ್ನ 2ರ ಓದು ಅಲ್ಲಿ ಗರಿಷ್ಠವಲ್ಲ, ದಿನದ ಸರಾಸರಿಗಿಂತಲೂ ಕೆಳಗಿದೆ. ಈ ವ್ಯತ್ಯಾಸಗಳ ಅನುಪಾತದಿಂದ d ತೆಗೆದರೆ 9ರ ಬದಲು 5 ಸೆಂ.ಮೀ. ಚಿಲ್ಲರೆ ಬರುತ್ತದೆ, κ ನಿಜದ ಮೂರನೇ ಒಂದು ಭಾಗ! ಥರ್ಮಾಮೀಟರಿನದೇನೂ ತಪ್ಪಿಲ್ಲ, ಓದಿದ ಹೊತ್ತು ತಪ್ಪು. ಹಳೆಯ ದಾಖಲೆಯಿಂದ ಮಣ್ಣಿನ ಗುಣ ತೆಗೆಯುವವರು ಇದನ್ನು ಮರೆಯಬಾರದು.

ದಿನವಿಡೀ ಓದಿದರೂ ಇನ್ನೊಂದು ತೊಡಕಿದೆ. ಮೇಲ್ಮೈಯ ಅಲೆ ನುಣುಪಾದ ಸೈನ್ ರೇಖೆಯಲ್ಲ. ಹಗಲಿನ ಏರು ಚೂಪು, ರಾತ್ರಿಯ ಇಳಿತ ಉದ್ದ. ಅದರೊಳಗೆ 12 ಗಂಟೆಯ ಚಿಕ್ಕ ಅಲೆಯೂ ಸೇರಿರುತ್ತದೆ, ಅದು 24 ಗಂಟೆಯದಕ್ಕಿಂತ ಬೇಗ ಸಾಯುತ್ತದೆ. ಹಾಗಾಗಿ ಗರಿಷ್ಠಗಳನ್ನು ಮಾತ್ರ ಹೋಲಿಸಿದರೆ d ಆಳದಿಂದ ಆಳಕ್ಕೆ ಬದಲಾಗುತ್ತದೆ. 1983ರಲ್ಲಿ ಹಾರ್ಟನ್, ವೀರೆಂಗಾ, ನೀಲ್ಸನ್ ಮೂವರೂ ಆರು ವಿಧಾನಗಳನ್ನು ಒಂದೇ ಮಣ್ಣಿನ ಅಂಕಿಗಳ ಮೇಲೆ ಇಟ್ಟು ನೋಡಿದರು. ಬರೀ ಪಾರದ, ಬರೀ ತಡದ ಸರಳ ವಿಧಾನಗಳಿಗಿಂತ ಅಲೆಯನ್ನು ಬಿಡಿಸಿ ನೋಡುವ ವಿಧಾನ ಹೆಚ್ಚು ನಂಬಿಕೆಗೆ ಅರ್ಹವೆಂದು ಕಂಡಿತು. ಥಾಮ್ಸನ್ ಹಿಡಿದ ದಾರಿಯೇ ಅದು.

ಬಿಡಿಸಿ ನೋಡಿದ ಮೇಲೂ ಪಾರದ d ಮತ್ತು ತಡದ d ಹೊಂದದಿದ್ದರೆ ಮಣ್ಣು ಏನನ್ನೋ ಹೇಳುತ್ತಿದೆ ಎಂದರ್ಥ. ಮೇಲಿನ ಪದರ ಒಣಗಿ ಕೆಳಗೆ ಹಸಿಯಿರಬಹುದು, ಎರೆ ಬಿರುಕುಬಿಟ್ಟು ಗಾಳಿ ಇಳಿದಿರಬಹುದು, ಮಳೆನೀರು ಇಂಗುತ್ತ ಶಾಖವನ್ನೂ ಹೊತ್ತೊಯ್ದಿರಬಹುದು. ಹದವಾಗಿ ತೇವವಾದ ಮಣ್ಣಿನಲ್ಲಿ d 14 ಸೆಂ.ಮೀ.ವರೆಗೂ ಹೋಗುತ್ತದೆ; ಆಗ ಗೇಣಾಳದ ಗರಿಷ್ಠ ರಾತ್ರಿ ಒಂಬತ್ತೂವರೆಗಲ್ಲ, ಸಂಜೆ ಆರೂವರೆಗೆ ಬರುತ್ತದೆ. ಮೊದಲ ಮಳೆಯ ಹಿಂದೆ ಮುಂದೆ ಒಂದೇ d ಬಳಸುವುದು ಸರಿಯಲ್ಲ.

ಜಗಳೂರು ಸುತ್ತಿನ ಪ್ರೌಢಶಾಲೆಗಳ ವಿಜ್ಞಾನ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಏಪ್ರಿಲ್‌ನ ಒಂದು ಮೋಡವಿಲ್ಲದ ದಿನ ಆರಿಸಿ, ನೆರಳಿಲ್ಲದ ಜಾಗದಲ್ಲಿ ಗುಂಡಿಯ ಪಕ್ಕದ ಗೋಡೆಗೆ 5, 10, 20 ಸೆಂ.ಮೀ. ಆಳದಲ್ಲಿ ತಂತಿಯುಳ್ಳ ಥರ್ಮಾಮೀಟರಿನ ತುದಿಯನ್ನು ಅಡ್ಡವಾಗಿ ತೂರಿಸಿ, ಓದುವ ಭಾಗವನ್ನು ಹೊರಗಿಟ್ಟು ಗುಂಡಿಯನ್ನು ಅದೇ ಮಣ್ಣಿನಿಂದ ಮುಚ್ಚಿ, ಒಂದೆರಡು ದಿನ ಹದಕ್ಕೆ ಬಿಡಿ. ಆಮೇಲೆ ಒಂದು ಹಗಲು ಒಂದು ರಾತ್ರಿ ಎರಡೆರಡು ಗಂಟೆಗೊಮ್ಮೆ ಓದಿ ಬರೆದಿಡಿ. ರಾತ್ರಿಯ ಓದು ತಪ್ಪಿಸಬೇಡಿ. ಗೇಣಾಳದ ಮಧ್ಯಾಹ್ನ ಸಿಗುವುದು ಆಗಲೇ.