ವಂತಿಗೆಯ ರೂಪಾಯಿಗೆ ತಗಲುವ ವೆಚ್ಚ

ಧರ್ಮಕಾರ್ಯಕ್ಕಾಗಿ ದ್ರವ್ಯವನ್ನು ಕೂಡಿಸುವುದಕ್ಕೂ ದ್ರವ್ಯವು ಬೇಕು. ಕರಪತ್ರ, ಅಂಚೆ, ಚಪ್ಪರ, ಸಂಬಳ ಇವೆಲ್ಲಕ್ಕೂ ವ್ಯಯವುಂಟು. ಬಂದ ಒಂದೊಂದು ರೂಪಾಯಿಗೂ ಈ ವ್ಯಯವು ಎಷ್ಟು ಪೈಸೆಯಾಯಿತೆಂಬುದನ್ನು ದಾನಿಯು ಕೇಳುವುದು ನ್ಯಾಯವೇ ಸರಿ. ಆದರೆ ಇದಕ್ಕೆ ಕಾಯಿದೆಯಿಂದ ಮಿತಿಯನ್ನು ಕಟ್ಟಬಹುದೇ? ಅಮೇರಿಕಾ ದೇಶದಲ್ಲಿ ಈ ವಿಷಯವಾಗಿ ನಡೆದ ವಿವಾದವು ವಿಚಾರಾರ್ಹವಾಗಿದೆ.

ಅಲ್ಲಿಯ ಇಲಿನಾಯ್ ಪ್ರಾಂತದ ಶಾಂಬರ್ಗ್ ಎಂಬ ಊರು, ಮನೆಮನೆಗೆ ತಿರುಗಿ ವಂತಿಗೆ ಎತ್ತುವ ಸಂಘಗಳು ಬಂದ ಹಣದಲ್ಲಿ ನೂರಕ್ಕೆ 75 ಪಾಲನ್ನಾದರೂ ಧರ್ಮಕಾರ್ಯಕ್ಕೇ ವಿನಿಯೋಗಿಸಬೇಕೆಂದು ನಿಯಮಿಸಿತ್ತು. ಪರಿಸರ ರಕ್ಷಣೆಯ ಸಂಘವೊಂದು ಇದನ್ನು ಪ್ರತಿಭಟಿಸಿತು. ಅದರ ಕಾರ್ಯಕರ್ತರು ಹಣವನ್ನು ಬೇಡುವುದರೊಡನೆ ಜನರಿಗೆ ತಿಳಿವಳಿಕೆಯನ್ನೂ ಕೊಡುತ್ತಿದ್ದರು. ಆದುದರಿಂದ ಅವರ ಸಂಬಳವನ್ನು ಬರಿಯ ಸಂಗ್ರಹವ್ಯಯವೆನ್ನುವಂತಿರಲಿಲ್ಲ. 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಯಮವನ್ನು ರದ್ದುಪಡಿಸಿತು. ಶೇಕಡಾ ಲೆಕ್ಕವನ್ನೇ ಮೋಸದ ಅಳತೆಗೋಲಾಗಿ ಮಾಡಿದ ಬೇರೆ ಎರಡು ಪ್ರಾಂತಗಳ ಕಾಯಿದೆಗಳೂ 1984 ಮತ್ತು 1988ರಲ್ಲಿ ಇದೇ ಗತಿಯನ್ನು ಹೊಂದಿದುವು.

ಒಂದೇ ಮಿತಿಯು ಏಕೆ ಸಲ್ಲದೆಂಬುದು ಆಯವ್ಯಯದ ಅಂದಾಜನ್ನು ಬಿಡಿಸಿ ನೋಡಿದರೆ ತಿಳಿಯುವುದು. ಉದಾಹರಣೆಗೆ, ಒಂದು ಸಂಸ್ಥೆಯು ಸಂಗೀತೋತ್ಸವವನ್ನು ನಡೆಸಿ 1,00,000 ರೂಪಾಯಿ ಕೂಡಿಸಿತೆನ್ನೋಣ. ಚಪ್ಪರ, ಕಲಾವಿದರ ಸಂಭಾವನೆ, ಮುದ್ರಣಗಳಿಗೆ 50,000 ರೂಪಾಯಿ ವೆಚ್ಚವಾಯಿತು. ರೂಪಾಯಿಗೆ 50 ಪೈಸೆಯೆಂದು ಹೇಳಿಬಿಡುವುದು ಸುಲಭ. ಆದರೆ ಮೂರು ತಿಂಗಳು ಇದಕ್ಕಾಗಿಯೇ ದುಡಿದ ಗುಮಾಸ್ತರ ಸಂಬಳ 15,000 ರೂಪಾಯಿಯನ್ನು ಕಚೇರಿಯ ಖರ್ಚಿನಲ್ಲಿ ಬರೆದಿದ್ದರೆ ನಿಜವಾದ ವೆಚ್ಚವು 65 ಪೈಸೆ. ಲೆಕ್ಕವು ಹೆಚ್ಚಾಗಿ ತಪ್ಪುವುದು ಇಂತಹ ಸ್ಥಳದಲ್ಲಿಯೇ.

ಅದೇ ಸಂಸ್ಥೆಯು ಅಪರಿಚಿತರಿಗೆ ತಲಾ 10 ರೂಪಾಯಿ ವೆಚ್ಚದಲ್ಲಿ 2,000 ವಿನಂತಿ ಪತ್ರಗಳನ್ನು ಕಳುಹಿಸಿತು. 40 ಮಂದಿ ತಲಾ 400 ರೂಪಾಯಿ ಕೊಟ್ಟರು. ವ್ಯಯವು 20,000, ಆಯವು 16,000. ರೂಪಾಯಿಗೆ ಒಂದೂಕಾಲು ರೂಪಾಯಿ ತಗಲಿತು. ಇದು ಕೇವಲ ನಷ್ಟವೆಂದು ತೋರುವುದು. ಮರುವರ್ಷ ಆ 40 ಮಂದಿಗೆ ಮಾತ್ರ ಬರೆಯಲು ತಗಲಿದುದು 400 ರೂಪಾಯಿ. ಅವರಲ್ಲಿ ಅರ್ಧ ಮಂದಿ ಅಷ್ಟಷ್ಟೇ ಕೊಟ್ಟರೂ ಬಂದುದು 8,000. ಆಗ ರೂಪಾಯಿಗೆ 5 ಪೈಸೆ. ಎರಡು ವರ್ಷಗಳನ್ನು ಕೂಡಿಸಿದರೆ 85 ಪೈಸೆ. ಹೊಸ ಸಂಸ್ಥೆಗೆ ಮೊದಲನೆಯ ವರ್ಷದ ಲೆಕ್ಕವೇ ಇರುವುದು. ಹಳೆಯ ಸಂಸ್ಥೆಗೆ ಮರುವರ್ಷಗಳ ಫಲವೂ ದೊರೆಯುವುದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಉತ್ಸವಕ್ಕೂ, ಹೊಸಬರ ಪತ್ರಕ್ಕೂ, ಹಳೆಯ ದಾನಿಗಳ ಪತ್ರಕ್ಕೂ ಪ್ರತ್ಯೇಕವಾಗಿ ಲೆಕ್ಕವಿಡತಕ್ಕುದು.

ಹಾಗಾದರೆ ದಾನಿಗೆ ರಕ್ಷಣೆಯೇ ಇಲ್ಲವೇ? ಅದೇ ಇಲಿನಾಯ್ ಪ್ರಾಂತದ ಇನ್ನೊಂದು ವ್ಯಾಜ್ಯವು 2003ರಲ್ಲಿ ಇದಕ್ಕೆ ಉತ್ತರವನ್ನಿತ್ತಿತು. ನಿವೃತ್ತ ಯೋಧರ ಹೆಸರಿನಲ್ಲಿ ದೂರವಾಣಿಯ ಮೂಲಕ ಹಣವೆತ್ತುವವರಿಗೆ ನೂರಕ್ಕೆ 85 ಪಾಲು ಸಲ್ಲುವ ಕರಾರಿತ್ತು. ಬಹುಪಾಲು ಯೋಧರಿಗೇ ಹೋಗುವುದೆಂದು ಅವರು ದಾನಿಗಳಿಗೆ ಹೇಳಿದರೆಂಬುದು ಸರಕಾರದ ಆರೋಪ. ವೆಚ್ಚವು ಹೆಚ್ಚಾದುದೇ ಅಪರಾಧವಲ್ಲ, ಆದರೆ ಸುಳ್ಳು ಹೇಳಿ ದಾನ ಪಡೆದರೆ ಮೋಸದ ಮೊಕದ್ದಮೆಯನ್ನು ಹೂಡಬಹುದೆಂದು ನ್ಯಾಯಾಧೀಶರೆಲ್ಲರೂ ಏಕಮತದಿಂದ ನಿರ್ಣಯಿಸಿದರು. ಹೀಗೆ ವೆಚ್ಚದ ಮಿತಿಯನ್ನು ಕಾಯಿದೆಯು ಕಟ್ಟಲಾರದೆ ಹೋಯಿತು. ಆದರೆ ವೆಚ್ಚದ ವಿಷಯದಲ್ಲಿ ಆಡಿದ ಮಾತಿಗೆ ಬೇಡಿದವನೇ ಹೊಣೆಯಾಗಿ ಉಳಿದನು.